ಅಕೌಂಟ್ಸ್‌ನಿಂದ ಡೇಟಾ ಅನಾಲಿಸಿಸ್‌ಗೆ: ಲಿಂಕ್ಡ್‌ಇನ್‌ನ About ಭಾಗವನ್ನು ಹೊಸದಾಗಿ ಬರೆಯುವುದು ಹೇಗೆ

ಹತ್ತು ಹನ್ನೆರಡು ವರ್ಷ ಅಕೌಂಟ್ಸ್‌ನಲ್ಲಿ ದುಡಿದವರ ಲಿಂಕ್ಡ್‌ಇನ್ ಪ್ರೊಫೈಲ್ ತೆರೆದರೆ About ಭಾಗದಲ್ಲಿ ಹೆಚ್ಚಾಗಿ ಕಾಣುವುದು ಇಂಥದ್ದು:

> ಅಕೌಂಟ್ಸ್ ಮತ್ತು ಟ್ಯಾಕ್ಸೇಶನ್‌ನಲ್ಲಿ 12 ವರ್ಷಗಳ ಅನುಭವ. ಜಿಎಸ್‌ಟಿ ರಿಟರ್ನ್, ಟಿಡಿಎಸ್, ಬ್ಯಾಂಕ್ ರಿಕನ್ಸಿಲಿಯೇಶನ್, ಫೈನಲೈಸೇಶನ್ ನೋಡಿಕೊಳ್ಳುತ್ತೇನೆ. ಟ್ಯಾಲಿ, ಎಕ್ಸೆಲ್ ಚೆನ್ನಾಗಿ ಗೊತ್ತು. ಈಗ ಡೇಟಾ ಅನಾಲಿಟಿಕ್ಸ್‌ನಲ್ಲಿ ಆಸಕ್ತಿ ಇದೆ. ಎಸ್‌ಕ್ಯುಎಲ್, ಪೈಥಾನ್, ಪವರ್ ಬಿಐ ಕಲಿಯುತ್ತಿದ್ದೇನೆ. ಒಳ್ಳೆಯ ಅವಕಾಶದ ನಿರೀಕ್ಷೆಯಲ್ಲಿದ್ದೇನೆ.

ಇದರಲ್ಲಿ ಸುಳ್ಳು ಒಂದೂ ಇಲ್ಲ. ಆದರೆ ಇದನ್ನು ಓದುವ ಮ್ಯಾನೇಜರ್‌ಗೆ ಇಬ್ಬರು ಬೇರೆ ಬೇರೆ ಮನುಷ್ಯರು ಕಾಣುತ್ತಾರೆ. ಮೊದಲ ಮೂರು ವಾಕ್ಯದಲ್ಲಿ ಒಬ್ಬ ಅನುಭವಿ ಅಕೌಂಟೆಂಟ್. ಆಮೇಲೆ ಈಗಷ್ಟೇ ಕೋರ್ಸ್ ಸೇರಿದ ವಿದ್ಯಾರ್ಥಿ. ಅನುಭವಿಗೆ ಕೊಡುವ ಸಂಬಳ ವಿದ್ಯಾರ್ಥಿಗೆ ಕೊಡಲು ಆಗುವುದಿಲ್ಲ. ವಿದ್ಯಾರ್ಥಿಯೇ ಬೇಕಾದರೆ ಕಾಲೇಜಿನಿಂದ ಹೊರಬಂದ ಹುಡುಗರು ಸಿಗುತ್ತಾರೆ. ಅಲ್ಲಿಗೆ ಹನ್ನೆರಡು ವರ್ಷ ಲೆಕ್ಕಕ್ಕೇ ಬರುವುದಿಲ್ಲ.

ಅಕೌಂಟೆಂಟ್ ಮಾಡುತ್ತಾ ಬಂದ ಕೆಲಸದಲ್ಲೇ ಡೇಟಾ ಅನಾಲಿಸಿಸ್ ಇದೆ. ಅದಕ್ಕೆ ಆ ಹೆಸರು ಇಟ್ಟಿರುವುದಿಲ್ಲ, ಅಷ್ಟೇ. ಹಾಗಾಗಿ ಹೊಸದಾಗಿ ಬರೆಯುವುದೆಂದರೆ ಹಳೆಯದರ ಕೆಳಗೆ ಹೊಸ ಟೂಲ್‌ಗಳ ಹೆಸರು ಸೇರಿಸುವುದಲ್ಲ. ಮಾಡಿದ ಕೆಲಸದಿಂದ ಒಂದೆರಡನ್ನು ಆರಿಸಿ, ಯಾವ ಪ್ರಶ್ನೆಗೆ ಯಾವ ಡೇಟಾದಿಂದ ಉತ್ತರ ಕಂಡುಕೊಂಡಿರಿ, ಅದರಿಂದ ಯಾರ ತೀರ್ಮಾನ ಬದಲಾಯಿತು ಎಂದು ಹೇಳುವುದು.

ವಿವರಕ್ಕೆ ಒಬ್ಬರನ್ನು ಕಲ್ಪಿಸಿಕೊಳ್ಳೋಣ. ಮಂಗಳೂರಿನ ಬೈಕಂಪಾಡಿಯ ಗೇರುಬೀಜ ಫ್ಯಾಕ್ಟರಿಯೊಂದರಲ್ಲಿ ಸೀನಿಯರ್ ಅಕೌಂಟೆಂಟ್. ಬಿ.ಕಾಂ. ಓದಿ ಕೆಲಸಕ್ಕೆ ಸೇರಿದವರು, ಈಗ ಮೂವತ್ತಾರು ಮೂವತ್ತೇಳರ ವಯಸ್ಸು. ಮುಂದೆ ಬರುವ ಅಂಕಿಗಳೆಲ್ಲ ಈ ಉದಾಹರಣೆಗೆ ಹಾಕಿಕೊಂಡವು. ನಿಮ್ಮ ಜಾಗದಲ್ಲಿ ನಿಮ್ಮ ಅಂಕಿ ಬರಬೇಕು.

ಹೆಜ್ಜೆ 1: ಯಾವ ಕೆಲಸಕ್ಕೆ ಎಂದು ಮೊದಲು ತೀರ್ಮಾನಿಸಿ

‘ಡೇಟಾ ಅನಾಲಿಸ್ಟ್’ ಎಂಬ ಒಂದೇ ಹೆಸರಿನಡಿ ಹತ್ತು ಬಗೆಯ ಕೆಲಸ ಇದೆ. ಆ್ಯಪ್ ಬಳಸುವವರು ಎಲ್ಲಿ ಕ್ಲಿಕ್ ಮಾಡಿದರು ಎಂದು ನೋಡುವುದೂ ಅದೇ, ಬ್ಯಾಂಕಿನಲ್ಲಿ ಸಾಲದ ಕಂತು ಯಾರು ತಪ್ಪಿಸುತ್ತಾರೆ ಎಂದು ನೋಡುವುದೂ ಅದೇ. ಅಕೌಂಟ್ಸ್‌ನಿಂದ ಬರುವವರಿಗೆ ಮೊದಲ ಜಿಗಿತಕ್ಕೆ ಹತ್ತಿರದ ದಡ ಫೈನಾನ್ಸ್ ಅನಾಲಿಸ್ಟ್, ಕಾಸ್ಟ್ ಅನಾಲಿಸ್ಟ್, ಎಂಐಎಸ್ ಅನಾಲಿಸ್ಟ್. ನಮ್ಮೂರಿನ ಕಂಪನಿಗಳಲ್ಲಿ ಇದೇ ಕೆಲಸ ಬರೀ ‘ಎಂಐಎಸ್’ ಎಂಬ ಹೆಸರಿನಲ್ಲಿ ಇರುವುದೂ ಉಂಟು.

ಇಂಥ ಕೆಲಸದ ನಾಲ್ಕೈದು ಜಾಹೀರಾತು ತೆರೆದು ಪಕ್ಕದಲ್ಲಿಟ್ಟುಕೊಳ್ಳಿ. ಅವುಗಳಲ್ಲಿ ಮತ್ತೆ ಮತ್ತೆ ಬರುವ ಪದ ಬರೆದುಕೊಳ್ಳಿ. ರಿಕ್ರೂಟರ್‌ಗಳು ಪದ ಹಾಕಿ ಹುಡುಕುತ್ತಾರೆ. ಅವರು `variance analysis` ಎಂದು ಹುಡುಕುವಾಗ ನಿಮ್ಮಲ್ಲಿ ಬರೀ ‘ಬಜೆಟ್ ನೋಡಿಕೊಳ್ಳುತ್ತೇನೆ’ ಎಂದಿದ್ದರೆ ನೀವು ಸಿಗುವುದು ಕಷ್ಟ. ಆದರೆ ನೀವು ನಿಜವಾಗಿ ಮಾಡಿದ ಕೆಲಸದ ಪದ ಮಾತ್ರ ತೆಗೆದುಕೊಳ್ಳಿ.

ಹೆಜ್ಜೆ 2: ಮಾಡಿದ ಕೆಲಸದಲ್ಲಿ ಎರಡನ್ನು ಹುಡುಕಿ ತೆಗೆಯಿರಿ

ಇಲ್ಲಿ ಅವಸರ ಮಾಡಬೇಡಿ. ಇಡೀ ಕೆಲಸದಲ್ಲಿ ಹೆಚ್ಚು ಸಮಯ ಹೋಗಬೇಕಾದದ್ದು ಇಲ್ಲಿಯೇ. ಒಂದು ಹಾಳೆಯಲ್ಲಿ ವರ್ಷವಿಡೀ ಮಾಡುವ ಕೆಲಸಗಳನ್ನು ಬರೆಯಿರಿ. ಒಂದೊಂದರ ಮುಂದೆಯೂ ಮೂರು ಪ್ರಶ್ನೆ ಕೇಳಿ. ಎರಡು ಬೇರೆ ಬೇರೆ ಕಡೆಯ ಡೇಟಾ ಜೋಡಿಸಿದ್ದೆನಾ? ಮೊದಲು ಕಾಣದಿದ್ದ ಯಾವುದಾದರೂ ಸಂಗತಿ ಕಂಡಿತಾ? ಅದನ್ನು ನೋಡಿ ಯಾರಾದರೂ ಬೇರೆ ರೀತಿ ನಡೆದುಕೊಂಡರಾ?

ಮೂರಕ್ಕೂ ಹೌದು ಎಂದರೆ ಅದು ಅನಾಲಿಸಿಸ್. ಟಿಡಿಎಸ್ ರಿಟರ್ನ್ ಸಮಯಕ್ಕೆ ಹಾಕುವುದು ಜವಾಬ್ದಾರಿಯ ಕೆಲಸವೇ, ಆದರೆ ಈ ಪರೀಕ್ಷೆಯಲ್ಲಿ ಅದು ನಿಲ್ಲುವುದಿಲ್ಲ.

ನಮ್ಮ ಗೇರುಬೀಜ ಫ್ಯಾಕ್ಟರಿಯವರಿಗೆ ಎರಡು ಕೆಲಸ ಸಿಕ್ಕಿದವು ಎಂದಿಟ್ಟುಕೊಳ್ಳಿ.

ಮೊದಲನೆಯದು ಜಿಎಸ್‌ಟಿ ಮ್ಯಾಚಿಂಗ್. ಸಪ್ಲೈಯರ್ ತಮ್ಮ GSTR-1ರಲ್ಲಿ ಹಾಕಿದ ಬಿಲ್ ನಮ್ಮ GSTR-2Bಯಲ್ಲಿ ಬರುತ್ತದೆ. 2022ರ ಜನವರಿ 1ರಿಂದ ಅಲ್ಲಿ ಬಾರದ ಬಿಲ್ಲಿಗೆ ಇನ್‌ಪುಟ್ ಕ್ರೆಡಿಟ್ ತೆಗೆದುಕೊಳ್ಳುವಂತಿಲ್ಲ. GSTR-2B ತಯಾರಾಗುವುದು 14ನೇ ತಾರೀಕು. ತಿಂಗಳ ರಿಟರ್ನ್ ಹಾಕುವವರಿಗೆ GSTR-3Bಯ ಕೊನೆಯ ದಿನ 20. ನಡುವೆ ಇರುವುದು ಆರೇ ದಿನ. ಅಷ್ಟರೊಳಗೆ ನಮ್ಮ ಪರ್ಚೇಸ್ ರಿಜಿಸ್ಟರ್‌ನಲ್ಲಿದ್ದು ಪೋರ್ಟಲ್‌ನಲ್ಲಿ ಇಲ್ಲದ ಬಿಲ್ಲುಗಳನ್ನು ಹಿಡಿದು ಸಪ್ಲೈಯರ್‌ಗೆ ಫೋನ್ ಮಾಡಬೇಕು. ಮೊದಲು VLOOKUP ಹಾಕಿ ಎರಡು ದಿನ ಕೂರುತ್ತಿದ್ದರು. ಈಗ ಪವರ್ ಕ್ವೆರಿಯಲ್ಲಿ ಎರಡು ಪಟ್ಟಿಯನ್ನೂ ತಂದು `Left Anti` ಮರ್ಜ್ ಮಾಡುತ್ತಾರೆ. ನಮ್ಮಲ್ಲಿದ್ದು ಅಲ್ಲಿಲ್ಲದ ಬಿಲ್ ಮಾತ್ರ ಉಳಿಯುತ್ತದೆ. ಕೆಲಸ ಅರ್ಧ ದಿನಕ್ಕೆ ಇಳಿದಿದೆ.

ಇದರಲ್ಲಿ ನಿಜವಾದ ಬುದ್ಧಿವಂತಿಕೆ ಇರುವುದು ಮರ್ಜ್ ಬಟನ್‌ನಲ್ಲಿ ಅಲ್ಲ. ಸಪ್ಲೈಯರ್ ಬಿಲ್ಲಿನಲ್ಲಿ `MNG/045/24-25` ಎಂದು ಇರುತ್ತದೆ, ನಮ್ಮಲ್ಲಿ ಎಂಟ್ರಿ ಮಾಡಿದವರು `45` ಎಂದು ಹಾಕಿರುತ್ತಾರೆ. ಕಂಪ್ಯೂಟರ್‌ಗೆ ಇವೆರಡು ಬೇರೆ ಬಿಲ್. ಹಾಗೆಂದು ಮುಂದಿನದು ಹಿಂದಿನದೆಲ್ಲ ಕತ್ತರಿಸಿ ಬರೀ 45 ಉಳಿಸಿದರೆ, ಅದೇ ಸಪ್ಲೈಯರ್‌ನ ಬೇರೆ ಸೀರೀಸ್‌ನ 45ನೇ ಬಿಲ್ ಬಂದು ಅಂಟಿಕೊಳ್ಳುತ್ತದೆ. ಅದಕ್ಕೇ ಜಿಎಸ್‌ಟಿ ನಂಬರ್, ತಾರೀಕು, ತೆರಿಗೆ ಮೊತ್ತವನ್ನೂ ಜೊತೆಗೆ ತಾಳೆ ನೋಡಬೇಕು. ಇದನ್ನು ಅನುಭವದಿಂದ ಬಲ್ಲವರು ಡೇಟಾ ಕ್ಲೀನಿಂಗ್ ಬಲ್ಲವರು. About ಭಾಗದ ಸಮ್ಮರಿಯಲ್ಲಿ ಹೇಳಬೇಕಾದದ್ದು ಇದನ್ನೇ.

ಎರಡನೆಯದು ಲಾಟ್‌ವಾರು ವೆಚ್ಚ. ಗೇರುಬೀಜದ ವ್ಯಾಪಾರದಲ್ಲಿ 80 ಕಿಲೋ ಚೀಲದ ಕಚ್ಚಾ ಬೀಜದಿಂದ ಎಷ್ಟು ಪೌಂಡ್ ತಿರುಳು ಸಿಗುತ್ತದೆ ಎಂಬುದನ್ನು ಔಟ್‌ಟರ್ನ್ ಎನ್ನುತ್ತಾರೆ. ಒಂದು ಲಾಟ್ ಕಿಲೋಗೆ 120 ರೂಪಾಯಿ, ಔಟ್‌ಟರ್ನ್ 48. ಇನ್ನೊಂದು 112 ರೂಪಾಯಿ, ಔಟ್‌ಟರ್ನ್ 44. ಖರೀದಿ ಬಿಲ್ ನೋಡಿದರೆ ಎರಡನೆಯದು ಅಗ್ಗ. ಲೆಕ್ಕ ಹಾಕೋಣ. ಮೊದಲ ಲಾಟ್‌ನ ಚೀಲಕ್ಕೆ 9,600 ರೂಪಾಯಿ, ತಿರುಳು ಸುಮಾರು 21.8 ಕಿಲೋ, ಅಂದರೆ ತಿರುಳಿನ ಕಿಲೋಗೆ ಸುಮಾರು 441 ರೂಪಾಯಿ. ಎರಡನೆಯದರ ಚೀಲಕ್ಕೆ 8,960 ರೂಪಾಯಿ, ತಿರುಳು ಸುಮಾರು 20 ಕಿಲೋ, ಕಿಲೋಗೆ ಸುಮಾರು 449. ಅಗ್ಗದ ಲಾಟ್ ದುಬಾರಿಗೆ ಬಿದ್ದಿದೆ.

ಖರೀದಿಯ ಡೇಟಾ ಟ್ಯಾಲಿಯಲ್ಲಿ ಇತ್ತು. ಔಟ್‌ಟರ್ನ್ ಪ್ರೊಡಕ್ಷನ್ ಸೂಪರ್‌ವೈಸರ್ ಪುಸ್ತಕದಲ್ಲಿ ಇತ್ತು. ಎರಡನ್ನೂ ಲಾಟ್ ನಂಬರಿನ ಮೇಲೆ ಜೋಡಿಸಿದವರು ನಮ್ಮ ಅಕೌಂಟೆಂಟ್. ಖರೀದಿಯವರು ಈಗ ದರ ಮಾತಾಡುವ ಮುಂಚೆ ಈ ಪಟ್ಟಿ ಕೇಳುತ್ತಾರೆ. ಈ ಲೆಕ್ಕಕ್ಕೂ ಮಿತಿ ಇದೆ. ಇಡೀ ತಿರುಳಿಗೂ ಹೋಳಿಗೂ ಬೆಲೆ ಒಂದೇ ಅಲ್ಲ, ಆದ್ದರಿಂದ ತೂಕ ಒಂದೇ ನೋಡಿದರೆ ಚಿತ್ರ ಪೂರ್ತಿ ಆಗುವುದಿಲ್ಲ. ಇಂಟರ್‌ವ್ಯೂನಲ್ಲಿ ಈ ಮಿತಿಯನ್ನು ನೀವಾಗಿಯೇ ಹೇಳಿದರೆ ಎದುರಿಗೆ ಕೂತವರಿಗೆ ನೀವು ಬರೀ ರಿಪೋರ್ಟ್ ಮಾಡುವವರಲ್ಲ ಎಂದು ತಿಳಿಯುತ್ತದೆ.

ಉಡುಪಿಯ ಕಡೆ ಸಿಎ ಆಫೀಸಿನಲ್ಲಿ ಇರುವವರಿಗೆ ಬೇರೆ ಬಗೆಯ ಕೆಲಸ ಸಿಗುತ್ತದೆ. ಅವರ ಬಳಿ ಹಲವು ಕ್ಲೈಂಟ್‌ಗಳ ಡೇಟಾ ಹಲವು ರೂಪದಲ್ಲಿ ಬರುತ್ತದೆ. ಅದನ್ನೆಲ್ಲ ಒಂದೇ ಅಚ್ಚಿಗೆ ತರುವ ಟೆಂಪ್ಲೇಟ್ ಮಾಡಿದ್ದರೆ ಅದೇ ಅವರ ಒಳ್ಳೆಯ ಕತೆ.

ಹೆಜ್ಜೆ 3: ಅಂಕಿಯನ್ನು ಊಹಿಸಬೇಡಿ, ತೆಗೆಯಿರಿ

‘ದೊಡ್ಡ ಪ್ರಮಾಣದ ಡೇಟಾ’ ಎಂದು ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. ‘ತಿಂಗಳಿಗೆ ಸುಮಾರು 900 ಖರೀದಿ ಬಿಲ್’ ಎಂದರೆ ತಿಳಿಯುತ್ತದೆ. ಡೇಟಾ ಕೆಲಸದಲ್ಲಿ 900 ದೊಡ್ಡ ಸಂಖ್ಯೆ ಅಲ್ಲ. ಇರಲಿ. ಚಿಕ್ಕದಾದರೂ ನಿಜವಾದ ಅಂಕಿ ನಂಬಿಕೆ ಹುಟ್ಟಿಸುತ್ತದೆ.

ಟ್ಯಾಲಿಪ್ರೈಮ್‌ನಲ್ಲಿ `Go To` ಒತ್ತಿ `Statistics` ತೆರೆದರೆ ಯಾವ ಬಗೆಯ ವೋಚರ್ ಎಷ್ಟಿದೆ ಎಂದು ತೋರಿಸುತ್ತದೆ. ಅವಧಿಯನ್ನು ಒಂದು ವರ್ಷಕ್ಕೆ ಬದಲಿಸಿ, ಹನ್ನೆರಡರಿಂದ ಭಾಗಿಸಿ. ಸಮಯ ಎಷ್ಟು ಉಳಿಯಿತು ಎನ್ನುವುದಕ್ಕೆ ಹಳೆಯ ಫೈಲ್‌ಗಳು ಯಾವ ತಾರೀಕಿನಲ್ಲಿ ಸೇವ್ ಆಗಿವೆ ಎಂದು ನೋಡಿ. ‘ಶೇಕಡಾ 75 ಸಮಯ ಉಳಿತಾಯ’ ಎನ್ನುವುದಕ್ಕಿಂತ ‘ಎರಡು ದಿನದ ಕೆಲಸ ಅರ್ಧ ದಿನಕ್ಕೆ’ ಎನ್ನುವುದು ಒಳ್ಳೆಯದು. ಶೇಕಡಾವಾರು ಅಂಕಿ ಎಲ್ಲರ ಪ್ರೊಫೈಲ್‌ನಲ್ಲೂ ಇದೆ, ಅದನ್ನು ಈಗ ಯಾರೂ ನಂಬುವುದಿಲ್ಲ.

ಕಂಪನಿಯ ಖರೀದಿ ದರ, ಮಾರ್ಜಿನ್, ಗಿರಾಕಿಯ ಹೆಸರು, ಸಪ್ಲೈಯರ್ ಹೆಸರು ಯಾವುದೂ ಬೇಡ. ಮಂಗಳೂರು ಉಡುಪಿಯಂಥ ಊರಲ್ಲಿ ಒಂದೇ ವ್ಯಾಪಾರದವರೆಲ್ಲ ಪರಸ್ಪರ ಗೊತ್ತಿರುವವರು. ಕಿಲೋಗೆ 441 ಎಂದು ನಿಜವಾದ ದರ ಬರೆದರೆ ಅದು ಮರುದಿನ ಪಕ್ಕದ ಫ್ಯಾಕ್ಟರಿಯವರ ಕೈಯಲ್ಲಿರುತ್ತದೆ. ಹೊಸ ಕೆಲಸ ಕೊಡುವವರೂ ಅದನ್ನು ನೋಡಿ, ‘ನಾಳೆ ನಮ್ಮದನ್ನೂ ಹೀಗೇ ಬರೆಯುತ್ತಾರಲ್ವಾ’ ಎಂದುಕೊಳ್ಳುತ್ತಾರೆ. ಬಿಲ್ಲಿನ ಸಂಖ್ಯೆ, ಸಮಯ, ವಿಧಾನ ಇಷ್ಟು ಸಾಕು. ಬಿಲ್ಲಿನ ಸಂಖ್ಯೆ ಹೇಳುವುದು ಕೂಡ ನಿಮ್ಮಲ್ಲಿ ಸೂಕ್ಷ್ಮ ಎನಿಸಿದರೆ ‘ನೂರಾರು’ ಎಂದು ಬಿಡಿ.

ಹೆಜ್ಜೆ 4: ಮೊದಲು ಕನ್ನಡದಲ್ಲಿ ಬರೆಯಿರಿ

ಪ್ರೊಫೈಲ್‌ನಲ್ಲಿ ಕೊನೆಗೆ ಹಾಕುವುದು ಇಂಗ್ಲಿಷಿನಲ್ಲೇ. ಆದರೆ ಮೊದಲ ಕರಡು ಕನ್ನಡದಲ್ಲಿ ಇರಲಿ. ಇಂಗ್ಲಿಷಿನಲ್ಲಿ ಕೂತರೆ ಎಲ್ಲರೂ ಬಳಸಿ ಸವೆದ ಮಾತುಗಳೇ ಕೈಗೆ ಬರುತ್ತವೆ. ಕನ್ನಡದಲ್ಲಿ, ಪಕ್ಕದ ಸೆಕ್ಷನ್‌ನ ಗೆಳೆಯರಿಗೆ ಹೇಳುವ ಹಾಗೆ ಬರೆದರೆ ನಿಜವಾಗಿ ಮಾಡಿದ ಕೆಲಸ ಹೊರಗೆ ಬರುತ್ತದೆ. ಆಮೇಲೆ ಅದೇ ಸಣ್ಣ ವಾಕ್ಯಗಳನ್ನು ಸರಳ ಇಂಗ್ಲಿಷಿಗೆ ತನ್ನಿ.

ನಮ್ಮ ಅಕೌಂಟೆಂಟ್ ಬರೆದದ್ದು ಹೀಗೆ:

> ನಾನು ಫೈನಾನ್ಸ್ ಡೇಟಾದ ಮೇಲೆ ಕೆಲಸ ಮಾಡುವ ಅಕೌಂಟೆಂಟ್. ಖರೀದಿ ಮತ್ತು ಪ್ರೊಡಕ್ಷನ್ ದಾಖಲೆಗಳನ್ನು ಲಾಟ್‌ವಾರು ಜೋಡಿಸಿ, ಯಾವ ಲಾಟ್‌ನ ತಿರುಳು ನಿಜವಾಗಿ ಎಷ್ಟಕ್ಕೆ ಬಿತ್ತು ಎಂದು ಖರೀದಿ ವಿಭಾಗಕ್ಕೆ ಪ್ರತಿ ವಾರ ತೋರಿಸುತ್ತೇನೆ.
>
> ಈ ರಿಪೋರ್ಟ್ ಬರುವ ಮೊದಲು ಲಾಟ್‌ಗಳನ್ನು ಖರೀದಿ ದರದಿಂದ ಹೋಲಿಸುತ್ತಿದ್ದರು. ಈಗ ಔಟ್‌ಟರ್ನ್ ಸೇರಿಸಿದ ವೆಚ್ಚದಿಂದ ಹೋಲಿಸುತ್ತಾರೆ. ದರ ಕಡಿಮೆ ಇದ್ದ ಕೆಲವು ಲಾಟ್‌ಗಳು ದುಬಾರಿ ಎಂದು ತಿಳಿದದ್ದು ಇದರಿಂದ.
>
> ಪ್ರತಿ ತಿಂಗಳು ಸುಮಾರು 900 ಖರೀದಿ ಬಿಲ್ಲುಗಳನ್ನು GSTR-2B ಜೊತೆ ತಾಳೆ ನೋಡುತ್ತೇನೆ. ಬಿಲ್ ನಂಬರ್ ಬರೆಯುವ ರೀತಿಯ ವ್ಯತ್ಯಾಸ ಸರಿಪಡಿಸುವ ಹಂತಗಳನ್ನು ಪವರ್ ಕ್ವೆರಿಯಲ್ಲಿ ಕಟ್ಟಿದ ಮೇಲೆ ಎರಡು ದಿನದ ಕೆಲಸ ಅರ್ಧ ದಿನಕ್ಕೆ ಇಳಿಯಿತು.
>
> ದಿನವೂ ಬಳಸುವುದು: ಎಕ್ಸೆಲ್, ಪವರ್ ಕ್ವೆರಿ, ಟ್ಯಾಲಿಪ್ರೈಮ್. ಪ್ರಾಜೆಕ್ಟ್ ಮಾಡಿದ್ದು: ಎಸ್‌ಕ್ಯುಎಲ್, ಪವರ್ ಬಿಐ.
>
> ಅಕೌಂಟ್ಸ್‌ನಲ್ಲಿ 12 ವರ್ಷ. ವೆಚ್ಚ, ಸ್ಟಾಕ್ ಮತ್ತು ತೆರಿಗೆಯ ಡೇಟಾ ಮೇಲೆ ತೀರ್ಮಾನ ತೆಗೆದುಕೊಳ್ಳುವ ತಂಡಗಳ ಜೊತೆ ಮಾತಾಡಲು ಇಷ್ಟ.

ಲಿಂಕ್ಡ್‌ಇನ್ ಇಲ್ಲಿ 2,600 ಅಕ್ಷರ ಬರೆಯಲು ಬಿಡುತ್ತದೆ. ಅಷ್ಟೂ ತುಂಬಿಸಬೇಕೆಂದೇನಿಲ್ಲ. ಮೇಲಿನದು ಅದರ ಅರ್ಧದಷ್ಟೂ ಇಲ್ಲ.

ಮೊದಲ ಪ್ಯಾರಾ ನೋಡಿ. ಪ್ರೊಫೈಲ್ ತೆರೆದಾಗ ಮೊದಲ ಕೆಲವು ಸಾಲು ಮಾತ್ರ ಕಾಣುತ್ತದೆ, ಉಳಿದದ್ದು ಒತ್ತಿದರೆ ಮಾತ್ರ ತೆರೆದುಕೊಳ್ಳುತ್ತದೆ. ಹಾಗಾಗಿ ಡೇಟಾ ಯಾವುದು, ಏನು ಮಾಡಿದಿರಿ, ಯಾರಿಗಾಗಿ ಮಾಡಿದಿರಿ ಎಂಬ ಮೂರೂ ಅಲ್ಲಿಯೇ ಬಂದಿರಬೇಕು. ‘12 ವರ್ಷ’ ಎನ್ನುವುದು ಕೊನೆಗೆ ಹೋಗಿದೆ. ಮೊದಲೇ ಇಟ್ಟರೆ ಓದುವವರು ‘ಅಕೌಂಟೆಂಟ್’ ಎಂಬ ಚೀಟಿ ಅಂಟಿಸಿ ಮುಂದೆ ಹೋಗಿಬಿಡುತ್ತಾರೆ. ಕೆಲಸ ನೋಡಿದ ಮೇಲೆ ಓದಿದರೆ ಅದೇ 12 ವರ್ಷ ತೂಕ ಕೊಡುತ್ತದೆ.

‘ಅಕೌಂಟೆಂಟ್’ ಎಂಬುದನ್ನು ಅಳಿಸಿಲ್ಲ ಎಂಬುದನ್ನೂ ಗಮನಿಸಿ. ಕೆಲವರು ಅದನ್ನು ಮುಚ್ಚಿಡಲು ನೋಡುತ್ತಾರೆ. ಕೆಳಗೆ `Experience` ಭಾಗದಲ್ಲಿ ಅದು ಕಂಡೇ ಕಾಣುತ್ತದೆ. ಅದಲ್ಲದೆ ಡೆಬಿಟ್ ನೋಟ್ ಎಂದರೇನು, ಮಾರ್ಚ್ ತಿಂಗಳ ಮಾರಾಟ ಯಾಕೆ ಉಬ್ಬಿ ಕಾಣುತ್ತದೆ, ಪ್ರೊವಿಶನ್ ವಾಪಸ್ ಬಂದಾಗ ಖರ್ಚು ಯಾಕೆ ಮೈನಸ್ ಆಗುತ್ತದೆ ಎಂಬುದು ಗೊತ್ತಿರುವ ಅನಾಲಿಸ್ಟ್ ಸಿಗುವುದು ಸುಲಭವಲ್ಲ. ನಿಮ್ಮ ಬೆಲೆ ಇರುವುದೇ ಅದರಲ್ಲಿ.

‘ಆಸಕ್ತಿ ಇದೆ’, ‘ಕನಸು ಇದೆ’, ‘ಆಗಬಯಸುವ ಡೇಟಾ ಅನಾಲಿಸ್ಟ್’ ಇಂಥದ್ದೆಲ್ಲ ತೆಗೆಯಿರಿ. `Headline`ನಲ್ಲಿ `Aspiring` ಎಂದು ಹಾಕಿದರೆ, ನನಗೆ ಇನ್ನೂ ಈ ಕೆಲಸ ಬರುವುದಿಲ್ಲ ಎಂದು ನೀವೇ ಮೊದಲ ಪದದಲ್ಲಿ ಹೇಳಿದ ಹಾಗಾಗುತ್ತದೆ.

ಹೆಜ್ಜೆ 5: ಟೂಲ್‌ಗಳನ್ನು ಎರಡು ಸಾಲಾಗಿ ಬೇರೆ ಮಾಡಿ

ದಿನವೂ ಬಳಸುವುದು ಒಂದು ಸಾಲು. ಪ್ರಾಜೆಕ್ಟ್‌ನಲ್ಲಿ ಬಳಸಿದ್ದು ಇನ್ನೊಂದು. ಬರೀ ವಿಡಿಯೋ ನೋಡಿದ್ದು ಎಲ್ಲಿಯೂ ಬೇಡ. ಐದು ಟೂಲ್‌ಗಳನ್ನು ಸುಮ್ನೆ ಸಾಲಾಗಿ ಬರೆದರೆ ಇಂಟರ್‌ವ್ಯೂ ಮಾಡುವವರು ಯಾವುದನ್ನು ಬೇಕಾದರೂ ಆರಿಸಿ ಕೇಳುತ್ತಾರೆ. ನಿಮಗೆ ಗೊತ್ತಿಲ್ಲದ್ದನ್ನೇ ಕೇಳಿದರೆ, ಚೆನ್ನಾಗಿ ಗೊತ್ತಿರುವ ಎಕ್ಸೆಲ್ ಮೇಲೂ ಅವರಿಗೆ ಅನುಮಾನ ಬರುತ್ತದೆ.

ಎಸ್‌ಕ್ಯುಎಲ್ ಅನ್ನು ಎರಡನೇ ಸಾಲಿಗೆ ಹಾಕಬಹುದೇ ಎಂದು ತಿಳಿಯಲು ಒಂದು ಪರೀಕ್ಷೆ ಮಾಡಿಕೊಳ್ಳಿ. ಅದೇ ಜಿಎಸ್‌ಟಿ ಮ್ಯಾಚಿಂಗನ್ನು ಯಾರ ಸಹಾಯವೂ ಇಲ್ಲದೆ ಬರೆಯಿರಿ:

```sql
SELECT p.gstin, p.bill_no, p.tax
FROM purchase p
LEFT JOIN gstr2b g
  ON p.gstin = g.gstin
 AND p.bill_no = g.bill_no
WHERE g.bill_no IS NULL;
```

ನಮ್ಮ ಪುಸ್ತಕದಲ್ಲಿದ್ದು ಪೋರ್ಟಲ್‌ನಲ್ಲಿ ಬಾರದ ಬಿಲ್ಲುಗಳು ಇದರಿಂದ ಸಿಗುತ್ತವೆ. ಕೊನೆಯ ಸಾಲು ಯಾಕೆ ಬೇಕು, `LEFT JOIN` ಬದಲು `INNER JOIN` ಹಾಕಿದರೆ ಏನಾಗುತ್ತದೆ ಎಂದು ಬಾಯಲ್ಲಿ ವಿವರಿಸಲು ಬಂದರೆ ಹಾಕಿ. ಎರಡನೆಯದಕ್ಕೆ ಉತ್ತರ: ಒಂದು ಬಿಲ್ಲೂ ಸಿಗುವುದಿಲ್ಲ. ಎರಡೂ ಕಡೆ ಇರುವ ಬಿಲ್ ಮಾತ್ರ ಜೋಡಿಯಾಗಿ ಬರುತ್ತದೆ, ಅಲ್ಲಿ ಖಾಲಿ ಎನ್ನುವುದೇ ಇರುವುದಿಲ್ಲ.

ಇದೇ ಪ್ರಾಜೆಕ್ಟನ್ನು ಕಲ್ಪಿತ ಬಿಲ್ಲುಗಳಿಂದ ಮಾಡಿ `Featured` ಭಾಗದಲ್ಲಿ ಇಡಬಹುದು. ಕಂಪನಿಯ ಫೈಲ್‌ನಲ್ಲಿ ಹೆಸರು ಅಳಿಸಿ ಹಾಕುವುದು ಬೇಡ. ಜಿಎಸ್‌ಟಿ ನಂಬರ್ ಒಂದು ಉಳಿದುಹೋದರೂ ಸಪ್ಲೈಯರ್ ಯಾರೆಂದು ಪೋರ್ಟಲ್‌ನಲ್ಲಿ ಯಾರು ಬೇಕಾದರೂ ನೋಡಬಹುದು. ಇನ್ನೂರು ಸಾಲಿನ ಹೊಸ ಪಟ್ಟಿ ನೀವೇ ಮಾಡಿ. ಅದರಲ್ಲಿ ಬೇಕೆಂದೇ ಬಿಲ್ ನಂಬರ್ ತಪ್ಪುಗಳನ್ನು ಸೇರಿಸಿ. ಅವನ್ನು ಹೇಗೆ ಹಿಡಿದಿರಿ ಎಂದು ಅರ್ಧ ಪುಟ ಬರೆಯಿರಿ. ಎಲ್ಲರೂ ಡೌನ್‌ಲೋಡ್ ಮಾಡುವ ರೆಡಿಮೇಡ್ ಡೇಟಾದ ಡ್ಯಾಶ್‌ಬೋರ್ಡ್‌ಗಿಂತ ಇದನ್ನು ನೋಡಲು ಜನ ನಿಲ್ಲುತ್ತಾರೆ.

ಹೆಜ್ಜೆ 6: ಈಗಿನ ಆಫೀಸಿನವರೂ ಓದುತ್ತಾರೆ

ಕೆಲಸದಲ್ಲಿ ಇದ್ದುಕೊಂಡೇ ಹುಡುಕುವವರು ಸಮ್ಮರಿಯ ಕೊನೆಯಲ್ಲಿ ‘ಕೆಲಸ ಹುಡುಕುತ್ತಿದ್ದೇನೆ’ ಎಂದು ಬರೆಯಬೇಡಿ. ಮೇಲಿನ ಉದಾಹರಣೆಯಲ್ಲಿ ಕೊನೆಯ ವಾಕ್ಯ ಹಾಗಿರುವುದಕ್ಕೆ ಇದೇ ಕಾರಣ. ಯಜಮಾನರು ಓದಿದರೆ ತಪ್ಪು ಕಾಣುವುದಿಲ್ಲ, ರಿಕ್ರೂಟರ್ ಓದಿದರೆ ಅರ್ಥವಾಗುತ್ತದೆ. `Open to work` ಆಯ್ಕೆಯಲ್ಲಿ ರಿಕ್ರೂಟರ್‌ಗಳಿಗೆ ಮಾತ್ರ ಕಾಣುವ ಹಾಗೆ ಇಡಬಹುದು. ನಿಮ್ಮ ಕಂಪನಿಯ ರಿಕ್ರೂಟರ್‌ಗೆ ತೋರಿಸದಿರಲು ಲಿಂಕ್ಡ್‌ಇನ್ ಪ್ರಯತ್ನಿಸುತ್ತದೆ, ಆದರೆ ಪೂರ್ತಿ ಗುಟ್ಟಾಗಿ ಇರುತ್ತದೆ ಎಂಬ ಖಾತ್ರಿ ಕೊಡುವುದಿಲ್ಲ.

`Headline`ಗೆ 220 ಅಕ್ಷರ ಜಾಗ ಇದೆ. ಈಗಿನ ಹುದ್ದೆ ಮೊದಲು, ಡೇಟಾ ಕೆಲಸ ಆಮೇಲೆ: ‘ಸೀನಿಯರ್ ಅಕೌಂಟೆಂಟ್ | ಕಾಸ್ಟ್ ಮತ್ತು ಜಿಎಸ್‌ಟಿ ಡೇಟಾ ಅನಾಲಿಸಿಸ್ | ಪವರ್ ಕ್ವೆರಿ, ಎಸ್‌ಕ್ಯುಎಲ್’. ಇಲ್ಲದ ಹುದ್ದೆಯನ್ನು ಹಾಕಿಕೊಳ್ಳಬೇಡಿ. ಆಫರ್ ಬಂದ ಮೇಲೆ ನಡೆಯುವ ವೆರಿಫಿಕೇಶನ್‌ನಲ್ಲಿ ಮೊದಲು ಕೇಳುವುದೇ ಹುದ್ದೆ ಮತ್ತು ತಾರೀಕು.

ಹೆಜ್ಜೆ 7: ಹಾಕುವ ಮೊದಲು ಇಬ್ಬರಿಗೆ ಓದಿಸಿ

ಒಬ್ಬರು ಅಕೌಂಟ್ಸ್ ಗೊತ್ತಿಲ್ಲದವರು. ಅವರಿಗೆ ಮೊಬೈಲ್‌ನಲ್ಲಿ ಮೊದಲ ಪ್ಯಾರಾ ಮಾತ್ರ ತೋರಿಸಿ, ಫೋನ್ ವಾಪಸ್ ತೆಗೆದುಕೊಂಡು, ‘ನಾನು ಏನು ಮಾಡುತ್ತೇನೆ ಹೇಳಿ’ ಎಂದು ಕೇಳಿ. ‘ಅಕೌಂಟ್ಸ್ ಅಲ್ವಾ’ ಎಂದರೆ ಪ್ಯಾರಾ ಇನ್ನೂ ಸರಿಯಾಗಿಲ್ಲ. ‘ಯಾವ ಮಾಲು ದುಬಾರಿ ಬಿತ್ತು ಎಂದು ಕಂಡುಹಿಡಿಯುತ್ತೀರಿ’ ಎಂದರೆ ಆಯಿತು.

ಇನ್ನೊಬ್ಬರು ನಿಮ್ಮ ಜೊತೆ ಕೆಲಸ ಮಾಡಿದವರು. ಒಂದೊಂದು ಅಂಕಿಯನ್ನೂ ಅವರು ಒಪ್ಪಬೇಕು. ತಂಡ ಮಾಡಿದ ಕೆಲಸವನ್ನು ನೀವೊಬ್ಬರೇ ಮಾಡಿದ ಹಾಗೆ ಬರೆದಿದ್ದರೆ ಅವರಿಗೆ ತಕ್ಷಣ ಗೊತ್ತಾಗುತ್ತದೆ. ಔಟ್‌ಟರ್ನ್ ಅಳೆದವರು ಸೂಪರ್‌ವೈಸರ್. ಜೋಡಿಸಿದ್ದು ಮಾತ್ರ ನೀವು. ಉದಾಹರಣೆಯಲ್ಲಿ ‘ದಾಖಲೆಗಳನ್ನು ಜೋಡಿಸಿ’ ಎಂದಿದೆ, ‘ಅಳೆದು’ ಎಂದಿಲ್ಲ.

ಇಷ್ಟಾದ ಮೇಲೆ `Experience` ಭಾಗವನ್ನೂ ರೆಸ್ಯೂಮೆಯನ್ನೂ ಪಕ್ಕದಲ್ಲಿಟ್ಟು ತಾಳೆ ನೋಡಿ. ಸಮ್ಮರಿಯಲ್ಲಿ 900 ಬಿಲ್, ರೆಸ್ಯೂಮೆಯಲ್ಲಿ 1,200 ಎಂದಿದ್ದರೆ ರಿಕನ್ಸಿಲಿಯೇಶನ್ ಮಾಡುವವರ ಪ್ರೊಫೈಲ್‌ನಲ್ಲೇ ಲೆಕ್ಕ ಸೇರುತ್ತಿಲ್ಲ ಎಂದಾಗುತ್ತದೆ. ಎಲ್ಲಾ ಕಡೆ ಒಂದೇ ಅಂಕಿ ಬಂದ ಮೇಲೆ ಸೇವ್ ಒತ್ತಿ.